ದಾರಿಹೋಕರ ಕಣ್ಣು ಎಲ್ಲಿ ನಿಲ್ಲುತ್ತದೆ?

ನಮ್ಮ ವ್ಯವಹಾರ ಅಧ್ಯಯನದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡ ವಿಷಯ ಅಂಗಡಿಗಳ ಶೋಕೇಸ್. ರಸ್ತೆಗೆ ಮುಖ ಮಾಡಿರುವ ಗಾಜಿನ ಹಿಂದೆ ಅಂಗಡಿಯವರು ಸರಕನ್ನು ಜೋಡಿಸಿಡುತ್ತಾರಲ್ಲ, ಅದು. ಶಿವಮೊಗ್ಗದ ಗಾಂಧಿ ಬಜಾರ್, ದುರ್ಗಿಗುಡಿ, ನೆಹರು ರಸ್ತೆ, ಭದ್ರಾವತಿಯ ಬಿ.ಎಚ್. ರಸ್ತೆ ಮತ್ತು ನಮ್ಮ ನವುಲೆಯಲ್ಲಿ ಒಟ್ಟು ಹದಿನಾಲ್ಕು ಶೋಕೇಸ್‌ಗಳ ಫೋಟೋ ತೆಗೆದು, ಅವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದೆ. ಕೇಳಿಕೊಂಡ ಪ್ರಶ್ನೆಗಳು ಮೂರು. ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ? ಎಷ್ಟು ಗಿಜಿಬಿಜಿ ಇದೆ? ದಾರಿಯಲ್ಲಿ ಹೋಗುವವರನ್ನು ಅದು ಸೆಳೆಯುತ್ತದೆಯೇ?

ಅಂಕ ಸಿಗುವುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಖಾಲಾ. ಅವರು ನವುಲೆಯಲ್ಲಿ ಬುರ್ಖಾ, ಅಬಾಯಾ ಮಾರುವ ಸಣ್ಣ ಅಂಗಡಿ ತೆರೆದು ಎಂಟು ತಿಂಗಳಾಗಿತ್ತು. ಪರಿಚಯದವರು ಬರುತ್ತಿದ್ದರು, ದಾರಿಯಲ್ಲಿ ಹೋಗುವವರು ಬರುತ್ತಿರಲಿಲ್ಲ. ರಂಜಾನ್ ಬರುವಷ್ಟರಲ್ಲಿ ವ್ಯಾಪಾರ ಏಳದಿದ್ದರೆ ಮಳಿಗೆ ಬಿಡುವುದೇ ಸರಿ ಎಂದು ಮನೆಯಲ್ಲಿ ಮಾತು ನಡೆದಿತ್ತು. ಕೈಯಲ್ಲಿ ಉಳಿದಿದ್ದ ಸ್ವಲ್ಪ ಹಣದಲ್ಲಿ ದೊಡ್ಡದೊಂದು ಎಲ್‌ಇಡಿ ಬೋರ್ಡ್ ಹಾಕಿಸಬೇಕೆಂದು ಖಾಲಾ ಯೋಚಿಸುತ್ತಿದ್ದರು. ಅವರ ಶೋಕೇಸ್ ನನ್ನ ಪಟ್ಟಿಯಲ್ಲಿ ಹದಿನಾಲ್ಕನೆಯದು.

ಫೋಟೋಗಳನ್ನು ಹೋಲಿಸುವುದಕ್ಕೆ ಮೊದಲು ಅವು ಹೋಲಿಸಲು ತಕ್ಕಂತೆ ಇರಬೇಕು. ಒಂದನ್ನು ಹತ್ತಿರದಿಂದ, ಇನ್ನೊಂದನ್ನು ರಸ್ತೆಯಾಚೆಯಿಂದ, ಒಂದನ್ನು ಮಧ್ಯಾಹ್ನ, ಮತ್ತೊಂದನ್ನು ರಾತ್ರಿ ತೆಗೆದರೆ ನಾವು ಹೋಲಿಸುವುದು ಅಂಗಡಿಗಳನ್ನಲ್ಲ, ಫೋಟೋಗಳನ್ನು. ಹಾಗಾಗಿ ಪ್ರತಿ ಅಂಗಡಿಗೂ ಎರಡು ಜಾಗ ಗೊತ್ತು ಮಾಡಿಕೊಂಡೆ. ಮೊದಲನೆಯದು ಗಾಜಿಗೆ ನೇರ ಎದುರು, ಹತ್ತು ಹೆಜ್ಜೆ ದೂರ. ಎರಡನೆಯದು ಜನ ನಡೆದು ಬರುವ ದಿಕ್ಕಿನಲ್ಲಿ, ಅಂಗಡಿ ಸಿಗುವುದಕ್ಕೆ ಆರು ಹೆಜ್ಜೆ ಮುಂಚೆ, ಗೋಡೆಯ ಪಕ್ಕದಲ್ಲೇ. ಎರಡರಲ್ಲೂ ಮೊಬೈಲ್ ನನ್ನ ಕಣ್ಣಿನ ಎತ್ತರದಲ್ಲಿರಬೇಕು, ಜೂಮ್ ಕೂಡದು, ಫ್ಲ್ಯಾಶ್ ಕೂಡದು. ಸಂಜೆ ನಾಲ್ಕೂವರೆಗೆ ಒಮ್ಮೆ, ಮಗ್ರಿಬ್ ಆದ ಮೇಲೆ ಇನ್ನೊಮ್ಮೆ. ಅಂಗಡಿಯವರನ್ನು ಕೇಳಿಯೇ ತೆಗೆದೆ. ಗಿರಾಕಿಗಳ ಮುಖ ಬಂದ ಫೋಟೋಗಳನ್ನು ಅಲ್ಲಿಯೇ ಅಳಿಸಿದೆ.

ಮೊಬೈಲ್ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಈಗಿನ ಮೊಬೈಲುಗಳು ಕತ್ತಲಿರುವ ಭಾಗವನ್ನು ತಾವಾಗಿಯೇ ಬೆಳಗಿಸಿ ತೋರಿಸುತ್ತವೆ. ನಮ್ಮ ಕಣ್ಣಿಗೆ ಕಪ್ಪಾಗಿ ಕಂಡ ಮೂಲೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಶೋಕೇಸ್ ಇರುವುದಕ್ಕಿಂತ ಚೆಂದ ಕಂಡರೆ ಹೋಲಿಕೆ ಕೆಟ್ಟಂತೆ. ಆದ್ದರಿಂದ ಎಚ್‌ಡಿಆರ್ ಮತ್ತು ನೈಟ್ ಮೋಡ್ ಆಫ್ ಮಾಡಿ, ಪರದೆಯ ಮೇಲೆ ರಸ್ತೆ ಕಾಣುವ ಭಾಗವನ್ನು ಬೆರಳಿನಿಂದ ಮುಟ್ಟಿ, ಆಮೇಲೆ ಕ್ಲಿಕ್ ಮಾಡಬೇಕು. ಆಗ ಮೊಬೈಲ್ ರಸ್ತೆಯ ಬೆಳಕಿಗೆ ಹೊಂದಿಕೊಳ್ಳುತ್ತದೆ. ಬಿಸಿಲಿನಲ್ಲಿ ನಡೆಯುವವರ ಕಣ್ಣು ಮಾಡುವುದೂ ಅದನ್ನೇ.

ಇನ್ನು ಕಣ್ಣು ನಿಲ್ಲುವ ಜಾಗವನ್ನು ಕಂಡುಹಿಡಿಯುವ ಬಗೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಚಿಕ್ಕದು ಮಾಡಿ ನೋಡಬೇಕು. ಗ್ಯಾಲರಿಯಲ್ಲಿ ಹತ್ತಾರು ಫೋಟೋಗಳು ಹೆಬ್ಬೆರಳ ಉಗುರಿನಷ್ಟು ಗಾತ್ರದಲ್ಲಿ ಸಾಲಾಗಿ ನಿಲ್ಲುತ್ತವಲ್ಲ, ಆ ಗಾತ್ರದಲ್ಲಿ. ಅಷ್ಟು ಚಿಕ್ಕದರಲ್ಲೂ ಯಾವ ವಸ್ತು ಉಳಿದು ಕಾಣುತ್ತದೋ ಅದೇ ಕಣ್ಣು ನಿಲ್ಲುವ ಜಾಗ. ಅನಂತರ ಅದೇ ಫೋಟೋವನ್ನು ಕಪ್ಪು-ಬಿಳುಪು ಮಾಡಿ. ಬಣ್ಣ ಹೋದ ಮೇಲೂ ಆ ವಸ್ತು ಎದ್ದು ಕಂಡರೆ ಅದು ಹಿನ್ನೆಲೆಗಿಂತ ಕಡು ಇಲ್ಲವೇ ತಿಳಿಯಾಗಿದೆ ಎಂದು ಅರ್ಥ. ಬಣ್ಣದೊಂದಿಗೆ ಅದೂ ಮಾಯವಾದರೆ, ಮಸುಕು ಬೆಳಕಿನಲ್ಲಿ ದೂರದಿಂದ ಅದು ಕಾಣುವುದು ಕಷ್ಟ.

ಮೂರನೆಯ ಪರೀಕ್ಷೆಗೆ ಇನ್ನೊಬ್ಬರು ಬೇಕು. ಆ ಅಂಗಡಿ ಗೊತ್ತಿಲ್ಲದವರಿಗೆ ಫೋಟೋವನ್ನು ಮೂರು ಸೆಕೆಂಡ್ ತೋರಿಸಿ ಮೊಬೈಲನ್ನು ಮಗುಚಿ ಹಾಕಬೇಕು. "ಹೇಗಿದೆ?" ಎಂದು ಕೇಳಬಾರದು, ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಎನ್ನುತ್ತಾರೆ. "ಏನು ನೋಡಿದಿರಿ? ಅಲ್ಲಿ ಏನು ಮಾರುತ್ತಾರೆ?" ಎಂದಷ್ಟೇ ಕೇಳಬೇಕು. ಭದ್ರಾವತಿಯ ಒಂದು ಚಪ್ಪಲಿ ಅಂಗಡಿಯ ಫೋಟೋವನ್ನು ನಮ್ಮ ತರಗತಿಯ ಐವರಿಗೆ ತೋರಿಸಿದೆ. ಐವರೂ "ಬಿಳಿ ಶೂ" ಎಂದರು. ಅಲ್ಲಿ ನಲವತ್ತು ಜೊತೆ ಚಪ್ಪಲಿಗಳಿದ್ದವು. ಆದರೆ ಒಂದು ಬಿಳಿ ಶೂ ಮಾತ್ರ ನಡುವೆ ಎತ್ತರದ ಮಣೆಯ ಮೇಲಿತ್ತು, ಅದರ ಸುತ್ತ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದರು. ನೆಹರು ರಸ್ತೆಯ ಇನ್ನೊಂದು ಅಂಗಡಿಯ ಫೋಟೋಗೆ ಐವರಿಂದ ಐದು ಉತ್ತರ ಬಂದವು. ಒಬ್ಬಳು "ಸೇಲ್ ಅಂತ ಬರೆದಿತ್ತು" ಎಂದಳು, ಇನ್ನೊಬ್ಬಳು "ಗೂಗಲ್ ಪೇ ಸ್ಟಿಕರ್" ಎಂದಳು. ಏನು ಮಾರುತ್ತಾರೆ ಎಂಬುದನ್ನು ಇಬ್ಬರು ಹೇಳಲೇ ಇಲ್ಲ.

ಹಾಗಾದರೆ ಸಾಮಾನು ಹೆಚ್ಚಿದ್ದರೆ ಗಿಜಿಬಿಜಿಯೇ? ಹದಿನಾಲ್ಕು ಫೋಟೋಗಳು ನನಗೆ ಹಾಗೆ ಹೇಳಲಿಲ್ಲ. ಗಾಂಧಿ ಬಜಾರಿನ ಒಂದು ಬಳೆ ಅಂಗಡಿಯಲ್ಲಿ ಸಾವಿರಾರು ಬಳೆಗಳಿವೆ. ಆದರೆ ಕೆಂಪು ಒಂದು ಸಾಲು, ಹಸಿರು ಒಂದು ಸಾಲು, ಚಿನ್ನದ ಬಣ್ಣದ್ದು ಒಂದು ಸಾಲು ಎಂದು ಜೋಡಿಸಿರುವುದರಿಂದ ಚಿಕ್ಕ ಫೋಟೋದಲ್ಲಿ ಅದು ಮೂರು ಪಟ್ಟಿಗಳಾಗಿ ಕಾಣುತ್ತದೆ. ಕಣ್ಣಿನ ಲೆಕ್ಕದಲ್ಲಿ ಅಲ್ಲಿರುವುದು ಮೂರೇ ವಸ್ತು. ಅದೇ ಆರು ಗೊಂಬೆಗಳಿಗೆ ಆರು ಬಗೆಯ ಬಟ್ಟೆ ಹಾಕಿ ಒಂದೇ ಎತ್ತರದಲ್ಲಿ, ಒಂದೇ ಅಂತರದಲ್ಲಿ ನಿಲ್ಲಿಸಿದರೆ ಅವು ಆರೂ ಬೇರೆ ಬೇರೆಯಾಗಿ ನಮ್ಮನ್ನು ಕರೆಯುತ್ತವೆ. ಯಾವುದನ್ನು ಮೊದಲು ನೋಡಬೇಕೆಂದು ಕಣ್ಣಿಗೆ ತಿಳಿಯುವುದಿಲ್ಲ. ಹಾಗಾಗಿ ಗಿಜಿಬಿಜಿಯನ್ನು ಎಣಿಸುವಾಗ ಸಾಮಾನು ಎಣಿಸಬಾರದು, ಗುಂಪು ಎಣಿಸಬೇಕು. ಗಾಜಿನ ಮೇಲಿನ ಪೋಸ್ಟರ್, ಫೋನ್ ನಂಬರ್, ಸ್ಟಿಕರ್, ಮಿಣುಕು ದೀಪದ ಸರ, ಇವೂ ಒಂದೊಂದು ಗುಂಪು.

ಇದು ನಮ್ಮೂರಿಗೆ ಹೊಸ ವಿದ್ಯೆ ಏನಲ್ಲ. ದಸರೆಗೆ ನಮ್ಮ ಪಕ್ಕದ ಮನೆಯವರು ಗೊಂಬೆ ಕೂರಿಸುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ನೂರು ಗೊಂಬೆಗಳಿದ್ದರೂ ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಮೇಲಿನ ಮೆಟ್ಟಿಲ ನಡುವೆ ಇರುವ ಪಟ್ಟದ ಗೊಂಬೆಗಳ ಕಡೆಗೆ, ಆ ರಾಜ-ರಾಣಿಯರ ಕಡೆಗೆ. ಅನಂತರ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ನೂರು ಗೊಂಬೆ ಗಿಜಿಬಿಜಿ ಆಗದಿರುವುದು ಆ ಮೆಟ್ಟಿಲುಗಳಿಂದ ಮತ್ತು ಆ ಎರಡು ಗೊಂಬೆಗಳಿಂದ.

ಶೋಕೇಸ್ ಫೋಟೋಗಳನ್ನು ಹೀಗೆ ನೋಡಿ ಕಲಿಯುವುದಕ್ಕೂ ಹಳೆಯ ಚರಿತ್ರೆ ಇದೆ. "ದಿ ವಂಡರ್‌ಫುಲ್ ವಿಝರ್ಡ್ ಆಫ್ ಆಝ್" ಎಂಬ ಮಕ್ಕಳ ಕಥೆ ಬರೆದ ಅಮೆರಿಕದ ಎಲ್. ಫ್ರಾಂಕ್ ಬಾಮ್, ಅದಕ್ಕೆ ಮೊದಲು 1897ರಲ್ಲಿ ಷಿಕಾಗೊದಿಂದ "ದಿ ಶೋ ವಿಂಡೋ" ಎಂಬ ಪತ್ರಿಕೆ ಹೊರಡಿಸಿದ್ದರು. ಅಂಗಡಿಗಳ ಶೋಕೇಸ್ ಅಲಂಕಾರವೇ ಅದರ ವಿಷಯ. ಬೇರೆ ಬೇರೆ ಊರುಗಳ ಶೋಕೇಸ್ ಫೋಟೋಗಳು ಅದರಲ್ಲಿ ಅಚ್ಚಾಗುತ್ತಿದ್ದವು. 1900ರಲ್ಲಿ, ಆ ಕಥೆ ಪ್ರಕಟವಾದ ವರ್ಷವೇ, ಬಟ್ಟೆ ಅಂಗಡಿಗಳ ಶೋಕೇಸ್ ಜೋಡಿಸುವುದರ ಬಗ್ಗೆಯೂ ಅವರ ಪುಸ್ತಕವೊಂದು ಬಂತು.

ಈಗ ಹದಿನಾಲ್ಕನೆಯ ಫೋಟೋಗೆ ಬರುತ್ತೇನೆ. ಖಾಲಾ ಅಂಗಡಿಯ ಗಾಜು ಎಂಟು ಅಡಿ ಅಗಲ. ಒಳಗೆ ಏಳು ಗೊಂಬೆಗಳು, ಏಳಕ್ಕೂ ಕಪ್ಪು ಅಬಾಯಾ. ಹಿಂದೆ ಕಡು ಕಂದು ಬಣ್ಣದ ಹಲಗೆ. ಗಾಜಿನ ಮೇಲೆ ನಾಲ್ಕು ಪೋಸ್ಟರ್, ಎರಡು ಸ್ಟಿಕರ್. ನಾಲ್ಕೂವರೆಯ ಫೋಟೋವನ್ನು ಚಿಕ್ಕದು ಮಾಡಿದಾಗ ಕಂಡದ್ದು ಎದುರು ಮನೆಯ ಬಿಳಿ ಕಾಂಪೌಂಡ್, ಒಂದು ಮರ ಮತ್ತು ನಿಂತಿದ್ದ ಒಂದು ಸ್ಕೂಟರ್. ಅಬಾಯಾ ಒಂದೂ ಇಲ್ಲ. ಮೂರು ಸೆಕೆಂಡ್ ಪರೀಕ್ಷೆಯಲ್ಲಿ ಒಬ್ಬಳು "ಸ್ಕೂಟರ್ ಶೋರೂಂ" ಎಂದಳು.

ಕಾರಣ ಗಾಜಿನಲ್ಲಿದೆ. ಸಾಮಾನ್ಯ ಗಾಜು ನೇರವಾಗಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 8 ಭಾಗವನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಓರೆಯಾಗಿ ನೋಡಿದಷ್ಟೂ ಅದು ಹೆಚ್ಚು. ಎಂಟು ಭಾಗ ಕಡಿಮೆ ಎನ್ನಿಸಬಹುದು. ಆದರೆ ಬಿಸಿಲು ಬಿದ್ದ ಬಿಳಿ ಗೋಡೆಯ ಬೆಳಕು ಅಂಗಡಿಯೊಳಗಿನ ಟ್ಯೂಬ್‌ಲೈಟ್ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಇತ್ತ ಕಪ್ಪು ಬಟ್ಟೆ ತನಗೆ ಸಿಕ್ಕ ಸ್ವಲ್ಪ ಬೆಳಕಿನಲ್ಲೂ ಬಹುಪಾಲನ್ನು ನುಂಗಿಬಿಡುತ್ತದೆ. ಎದುರು ಗೋಡೆಯ ಆ ಎಂಟು ಭಾಗವೇ ಗೆಲ್ಲುತ್ತದೆ, ಗಾಜು ಕನ್ನಡಿಯಾಗುತ್ತದೆ. ಸೀರೆ ಅಂಗಡಿಗೆ, ಮಿಠಾಯಿ ಅಂಗಡಿಗೆ ಈ ತೊಂದರೆ ಇಷ್ಟು ಕಾಡುವುದಿಲ್ಲ. ಕಪ್ಪು ಮಾಲು ಮಾರುವವರಿಗೆ ಇದು ದೊಡ್ಡ ಶತ್ರು. ಮಗ್ರಿಬ್ ನಂತರದ ಫೋಟೋದಲ್ಲಿ ಗೊಂಬೆಗಳೇನೋ ಕಂಡವು, ಏಕೆಂದರೆ ಆಗ ಹೊರಗೆ ಕತ್ತಲು, ಒಳಗೆ ಬೆಳಕು. ಆದರೆ ಕಾಲೇಜು ಹುಡುಗಿಯರು, ಶಾಲೆಯ ಟೀಚರುಗಳು ಆ ದಾರಿಯಲ್ಲಿ ನಡೆಯುವುದು ನಾಲ್ಕರಿಂದ ಐದೂವರೆಯ ನಡುವೆ.

ಫ್ರಾನ್ಸಿನ ಯೂಜೀನ್ ಅಟ್ಜೆ ಎಂಬ ಛಾಯಾಗ್ರಾಹಕರು 1925ರಲ್ಲಿ ಪ್ಯಾರಿಸಿನ ಒಂದು ಬಟ್ಟೆ ಅಂಗಡಿಯ ಶೋಕೇಸ್ ಫೋಟೋ ತೆಗೆದಿದ್ದಾರೆ. ಸೂಟು ತೊಟ್ಟ ಗೊಂಬೆಗಳ ಮೇಲೆ ಎದುರಿನ ಕಟ್ಟಡ, ಮರಗಳ ಪ್ರತಿಬಿಂಬ ಕೂಡಿಕೊಂಡಿದೆ. ಕಲೆಯಾಗಿ ಅದು ಪ್ರಸಿದ್ಧ ಚಿತ್ರ. ಸೂಟು ಮಾರುವವರ ಕಣ್ಣಿನಿಂದ ನೋಡಿದರೆ ಖಾಲಾ ಅಂಗಡಿಯ ತೊಂದರೆಯೇ ಅಲ್ಲಿಯೂ ಇದೆ.

ಇದು ತಿಳಿದ ಮೇಲೆ ಎಲ್‌ಇಡಿ ಬೋರ್ಡಿನ ಮಾತು ಬೇರೆಯೇ ಆಗಿ ಕಂಡಿತು. ಬೋರ್ಡ್ ಬಂದರೂ ಹಗಲಿನಲ್ಲಿ ಗಾಜು ಕನ್ನಡಿಯಾಗಿಯೇ ಇರುತ್ತದೆ. ಒಳಗೆ ಇನ್ನೆರಡು ಟ್ಯೂಬ್‌ಲೈಟ್ ಹಾಕಿದರೂ ಬಿಸಿಲಿನ ಮುಂದೆ ಅವು ಸೋಲುತ್ತವೆ. ಮಾಡಬೇಕಾದದ್ದು ಬೇರೆ. ಕಂದು ಹಲಗೆಗೆ ಕೆನೆ ಬಣ್ಣದ ಬಟ್ಟೆ ಹೊದಿಸಿದರೆ ಕಪ್ಪು ಅಬಾಯಾದ ಅಂಚು ಅದರ ಮುಂದೆ ಕತ್ತರಿಸಿದಂತೆ ಕಾಣುತ್ತದೆ. ಹಲಗೆಯನ್ನೂ ಗೊಂಬೆಯನ್ನೂ ಗಾಜಿಗೆ ಹತ್ತಿರ ತಂದರೆ ಹೊರಗಿನ ಬೆಳಕೇ ಅವುಗಳ ಮೇಲೂ ಬೀಳುತ್ತದೆ. ಬಿಸಿಲನ್ನು ಎದುರಿಸುವ ಬದಲು ಅದನ್ನೇ ದುಡಿಸಿಕೊಂಡಂತೆ. ಒಂದು ಗೊಂಬೆಗೆ ಮಾತ್ರ ಮರೂನ್ ಬಣ್ಣದ ದುಪಟ್ಟಾ ಸಾಕು.

ನಾನು ಏಳರಲ್ಲಿ ನಾಲ್ಕು ಗೊಂಬೆ ತೆಗೆಯೋಣ ಎಂದಾಗ ಖಾಲಾ ಒಪ್ಪಲಿಲ್ಲ. "ಏಳು ನಿಲ್ಲಿಸಿದ್ರೆ ಏಳು ಬಗೆ ಇದೆ ಅಂತ ಗೊತ್ತಾಗುತ್ತೆ ಬೇಟಾ. ಮೂರೇ ಇಟ್ರೆ ಒಂದೋ ಮಾಲಿಲ್ಲ ಅಂತಾರೆ, ಇಲ್ಲಾ ರೇಟು ಜಾಸ್ತಿ ಅಂತ ಹೆದರಿ ಒಳಗೇ ಬರಲ್ಲ" ಎಂದರು.

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಗಾಂಧಿ ಬಜಾರಿನಲ್ಲಿ ಬಟ್ಟೆಯನ್ನು ಬಾಗಿಲವರೆಗೆ ರಾಶಿ ಹಾಕಿ, ಮೇಲಿನಿಂದ ಇಳಿಬಿಟ್ಟಿರುವ ಅಂಗಡಿಗಳಲ್ಲಿಯೇ ಜನ ಹೆಚ್ಚು. ಆ ರಾಶಿ "ಇಲ್ಲಿ ಎಲ್ಲ ಸಿಗುತ್ತದೆ, ಚೌಕಾಸಿ ಮಾಡಬಹುದು" ಎಂದು ಹೇಳುತ್ತದೆ. ದುರ್ಗಿಗುಡಿಯ ಕಡೆ ಒಂದೇ ಗೊಂಬೆ ನಿಲ್ಲಿಸಿದ ಅಂಗಡಿ "ಇಲ್ಲಿ ಬೆಲೆ ಹೆಚ್ಚು" ಎಂದು ಹೇಳುತ್ತದೆ. ಎರಡೂ ತಮ್ಮ ಗಿರಾಕಿಗೆ ಸರಿಯಾದ ಮಾತನ್ನೇ ಹೇಳುತ್ತಿವೆ. ಗಿಜಿಬಿಜಿ ತಪ್ಪಾಗುವುದು ಅಂಗಡಿ ಹೇಳಬೇಕೆಂದಿರುವ ಮಾತನ್ನು ಅದು ಮುಚ್ಚಿಹಾಕಿದಾಗ ಮಾತ್ರ. ಖಾಲಾ ಹೇಳಬೇಕಾದ ಮಾತು ಎರಡು: ಬಗೆಬಗೆ ಇದೆ, ಬೆಲೆ ಕೈಗೆಟುಕುತ್ತದೆ.

ಕೊನೆಗೆ ನಡುದಾರಿ ಹಿಡಿದೆವು. ಗೊಂಬೆಗಳು ಮೂರೇ. ಆದರೆ ಅವುಗಳ ಕಾಲಬುಡದಲ್ಲಿ ಉದ್ದಕ್ಕೂ ಒಂದು ತಗ್ಗು ಶೆಲ್ಫ್ ಇಟ್ಟು, ಮಡಿಸಿದ ಅಬಾಯಾ, ಬಣ್ಣದ ದುಪಟ್ಟಾಗಳನ್ನು ತಿಳಿಯಿಂದ ಕಡುವಿಗೆ ಒತ್ತಾಗಿ ಜೋಡಿಸಿದೆವು. ಬಳೆ ಅಂಗಡಿಯ ಸಾಲಿನಂತೆ ಅದು ಒಂದೇ ಗುಂಪು, ಆದರೂ "ಮಾಲಿದೆ" ಎನ್ನುತ್ತದೆ. ಮರೂನ್ ದುಪಟ್ಟಾದ ಗೊಂಬೆಯ ಪಕ್ಕ ಒಂದು ಬೆಲೆಚೀಟಿ. ಹತ್ತು ಅಡಿ ದೂರಕ್ಕೆ ಒಂದು ಇಂಚಿನ ಅಕ್ಷರ ಎನ್ನುವುದು ಬೋರ್ಡ್ ಬರೆಯುವವರ ಲೆಕ್ಕ. ನಾವು ಅಂಕಿಗಳನ್ನು ಎರಡು ಇಂಚು ಮಾಡಿದೆವು. ಪೋಸ್ಟರುಗಳನ್ನು ಕಿತ್ತು, ಸ್ಟಿಕರುಗಳನ್ನು ಕೌಂಟರಿಗೆ ಸಾಗಿಸಿದೆವು.

ಗೊಂಬೆ ಎತ್ತ ಮುಖ ಮಾಡಬೇಕು ಎಂಬುದನ್ನು ತೀರ್ಮಾನಿಸಿದ್ದು ಎರಡನೆಯ ಫೋಟೋ, ಆರು ಹೆಜ್ಜೆ ಮುಂಚೆ ಗೋಡೆ ಪಕ್ಕದಿಂದ ತೆಗೆದದ್ದು. ಜನ ಸೆಕೆಂಡಿಗೆ ಸುಮಾರು ನಾಲ್ಕು ಅಡಿ ನಡೆಯುತ್ತಾರೆ. ಎಂಟು ಅಡಿಯ ಗಾಜನ್ನು ಎರಡೇ ಸೆಕೆಂಡಿನಲ್ಲಿ ದಾಟುತ್ತಾರೆ. ನೇರ ಎದುರು ನಿಂತು ನೋಡುವವರು ಯಾರೂ ಇಲ್ಲ, ಈಗಾಗಲೇ ನಿಂತವರನ್ನು ಬಿಟ್ಟರೆ. ಆದ್ದರಿಂದ ಮುಖ್ಯ ಗೊಂಬೆಯನ್ನು ನಡುವೆ ಇಡದೆ, ಬಸ್ ಸ್ಟಾಪ್ ಕಡೆಯಿಂದ ಬರುವವರಿಗೆ ದೂರದಿಂದಲೇ ಕಾಣುವಂತೆ ಆಚೆ ಬದಿಗೆ ಸರಿಸಿ, ಅವರತ್ತ ಸ್ವಲ್ಪ ತಿರುಗಿಸಿದೆವು. ಬೈಕಿನವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸವಳಂಗ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಎಂಟು ಅಡಿ ಗಾಜು ಸಿಗುವುದು ಸೆಕೆಂಡಿನ ಮೂರನೆಯ ಒಂದು ಭಾಗ. ಅಷ್ಟರಲ್ಲಿ ಯಾವ ಶೋಕೇಸೂ ಏನೂ ಹೇಳಲಾರದು.

ಇಲ್ಲಿಗೆ ಫೋಟೋದ ಕೆಲಸ ಮುಗಿಯಿತು. ಕಣ್ಣು ಎಲ್ಲಿ ನಿಲ್ಲುತ್ತದೆ, ಎಷ್ಟು ಗುಂಪುಗಳಿವೆ ಎಂದು ಫೋಟೋ ಹೇಳುತ್ತದೆ. ಸೆಳೆತ ಎಷ್ಟು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ರಸ್ತೆಯ ಆಚೆ ನಿಂತು ಎಣಿಸಬೇಕು. ಬೇರೆ ರಸ್ತೆಯ ಅಂಗಡಿಯೊಂದಿಗೆ ಹೋಲಿಸುವುದೂ ನ್ಯಾಯವಲ್ಲ. ಗಾಂಧಿ ಬಜಾರಿಗೆ ಜನ ಬರುವುದೇ ಕೊಳ್ಳಲಿಕ್ಕೆ, ನವುಲೆಯಲ್ಲಿ ಅವರು ಮನೆಗೋ ಕಾಲೇಜಿಗೋ ಹೋಗುತ್ತಿರುತ್ತಾರೆ. ಅದೇ ಅಂಗಡಿಯನ್ನು, ಅದೇ ವಾರ, ಅದೇ ಹೊತ್ತಿನಲ್ಲಿ, ಬದಲಾವಣೆಗೆ ಮುಂಚೆ ಮತ್ತು ಆಮೇಲೆ ನೋಡಬೇಕು. ನಾನು ಎರಡು ಗುರುವಾರ ಸಂಜೆ ನಾಲ್ಕೂವರೆಯಿಂದ ನೂರು ನೂರು ಹೆಂಗಸರನ್ನು ಎಣಿಸಿದೆ. ಮೊದಲ ಗುರುವಾರ ಗಾಜಿನ ಕಡೆ ತಲೆ ತಿರುಗಿಸಿದವರು ಒಂಬತ್ತು. ಅವರಲ್ಲಿ ಇಬ್ಬರು ನಿಂತು ದುಪಟ್ಟಾ ಸರಿಪಡಿಸಿಕೊಂಡರು, ಕನ್ನಡಿ ನೋಡಿದಂತೆ. ಬದಲಾಯಿಸಿದ ನಂತರದ ಗುರುವಾರ ತಲೆ ತಿರುಗಿಸಿದವರು ಇಪ್ಪತ್ತಮೂರು, ನಿಂತವರು ಏಳು, ಒಳಗೆ ಬಂದವರು ಮೂವರು. ಮೂವರಲ್ಲಿ ಇಬ್ಬರು ಕೇಳಿದ್ದು ಬೆಲೆಚೀಟಿಯ ಅಬಾಯಾವನ್ನೇ.

ಇಷ್ಟರಿಂದ ವ್ಯಾಪಾರ ಎಷ್ಟು ಹೆಚ್ಚಿತು ಎಂದು ಹೇಳಲಾಗದು. ಹಬ್ಬ ಹತ್ತಿರವಾದಂತೆ ಎಲ್ಲ ಬಟ್ಟೆ ಅಂಗಡಿಗಳಲ್ಲೂ ಜನ ಹೆಚ್ಚುತ್ತಾರೆ. ಹೊಸದು ಎಂಬ ಕಾರಣಕ್ಕೆ ತಿರುಗಿ ನೋಡಿದವರೂ ಇರಬಹುದು. ಅದಕ್ಕೇ ಮೂರು ವಾರ ಬಿಟ್ಟು ಇನ್ನೊಮ್ಮೆ ಎಣಿಸಿದೆ. ತಲೆ ತಿರುಗಿಸಿದವರು ಹದಿನೇಳಕ್ಕೆ ಇಳಿದಿದ್ದರು, ಒಂಬತ್ತಕ್ಕೆ ಮರಳಿರಲಿಲ್ಲ. ಹೊಸ ಏರ್ಪಾಡಿನ ತೊಂದರೆಯೂ ಕಂಡಿತು. ಗಾಜಿಗೆ ಹತ್ತಿರ ನಿಂತ ಗೊಂಬೆಯ ಭುಜದ ಮೇಲೆ ಬಿಸಿಲಿಗೆ ಕಪ್ಪು ಸ್ವಲ್ಪ ಕಂದು ಬಣ್ಣಕ್ಕೆ ತಿರುಗತೊಡಗಿತ್ತು. ಈಗ ಖಾಲಾ ವಾರಕ್ಕೊಮ್ಮೆ ಅಬಾಯಾ ಬದಲಾಯಿಸುತ್ತಾರೆ. ಅದರಿಂದ ದಿನವೂ ಅದೇ ದಾರಿಯಲ್ಲಿ ಹೋಗುವವರಿಗೆ ಪ್ರತಿ ವಾರ ನೋಡಲು ಹೊಸದೊಂದು ಸಿಗುತ್ತದೆ.

ಎಲ್‌ಇಡಿ ಬೋರ್ಡಿಗೆಂದು ಇಟ್ಟಿದ್ದ ಹಣದಲ್ಲಿ ಖಾಲಾ ಚಿಕ್ಕ ಹುಡುಗಿಯರ ಅಳತೆಯ ಮಾಲು ತರಿಸಿದರು. ಮಳಿಗೆಯ ಕರಾರನ್ನು ಇನ್ನು ಹನ್ನೊಂದು ತಿಂಗಳಿಗೆ ಮುಂದುವರಿಸಿದ್ದಾರೆ. ನಿಮ್ಮ ಮನೆಯವರದೂ ಅಂಗಡಿ ಇದ್ದರೆ, ಹೊಸದೇನನ್ನಾದರೂ ಕೊಳ್ಳುವ ಮುಂಚೆ ಗಿರಾಕಿ ಬರುವ ಹೊತ್ತಿಗೆ, ಗಿರಾಕಿ ಬರುವ ದಿಕ್ಕಿನಿಂದ ಒಂದು ಫೋಟೋ ತೆಗೆಯಿರಿ. ಅದನ್ನು ಉಗುರಿನಷ್ಟು ಚಿಕ್ಕದು ಮಾಡಿ, ಅಂಗಡಿ ಗೊತ್ತಿಲ್ಲದವರ ಕೈಗೆ ಕೊಟ್ಟು ಏನು ಕಾಣುತ್ತದೆ ಎಂದು ಕೇಳಿ.